ಪಾಳು ಎಂಬ ಒಂದು ಪದ

ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಖಾನಾಪುರದ ಕಾಡನ್ನು ಪರಿಚಯಿಸುವ ಒಂದು ಪ್ಯಾರಾ ಇದೆ. ಐದು ವಾಕ್ಯಗಳ ಸಣ್ಣ ಪ್ಯಾರಾ. ಅದನ್ನು ಬರೆಯಲು ನನಗೆ ಅರ್ಧ ಗಂಟೆಯೂ ಹಿಡಿದಿರಲಿಲ್ಲ. ತಿದ್ದಲು ಎಂಟು ತಿಂಗಳು ಬೇಕಾಯಿತು.

ವಿಷಯ ಹತ್ತೊಂಬತ್ತನೆಯ ಶತಮಾನದ ಕುಮರಿ ಬೇಸಾಯ. ಬೆಳಗಾವಿಯಲ್ಲಿ ಕುಳಿತು ಹಳೆಯ ಇಂಗ್ಲಿಷ್ ವರದಿಗಳನ್ನು ಓದುತ್ತಿದ್ದೆ. ಮುಂಬಯಿ ಪ್ರಾಂತದ ಗ್ಯಾಸೆಟಿಯರ್ ಮಾಲೆಯಲ್ಲಿ ಬೆಳಗಾವಿ ಜಿಲ್ಲೆಗೆ ಮೀಸಲಾದ ಇಪ್ಪತ್ತೊಂದನೆಯ ಸಂಪುಟ 1884ರದು, ಜೇಮ್ಸ್ ಕ್ಯಾಂಬೆಲ್ ಅದರ ಸಂಪಾದಕ. ಅದರ ಜೊತೆಗೆ ಅರಣ್ಯಾಧಿಕಾರಿಗಳ ಬರಹಗಳು. ಮುಂಬಯಿಯಲ್ಲಿ 1847ರಿಂದ ಅರಣ್ಯಗಳ ಹೊಣೆ ಹೊತ್ತಿದ್ದ ಅಲೆಕ್ಸಾಂಡರ್ ಗಿಬ್ಸನ್, ಮದರಾಸಿನಲ್ಲಿ 1856ರಿಂದ ಅದೇ ಕೆಲಸದಲ್ಲಿದ್ದ ಹ್ಯೂ ಕ್ಲೆಗ್ಹಾರ್ನ್. ಉತ್ತರ ಕನ್ನಡ 1862ರವರೆಗೆ ಮದರಾಸು ಪ್ರಾಂತದಲ್ಲಿತ್ತು. ಹಾಗಾಗಿ ಸೂಪಾದ ಕಾಡು ಒಬ್ಬರ ಕಡತದಲ್ಲಿ, ಅದಕ್ಕೆ ಅಂಟಿಕೊಂಡೇ ಇರುವ ಖಾನಾಪುರದ ಕಾಡು ಇನ್ನೊಬ್ಬರ ಕಡತದಲ್ಲಿ. ಮರಗಳಿಗೆ ಗಡಿ ಗೊತ್ತಿರಲಿಲ್ಲ, ಅಷ್ಟೆ. ಇವನ್ನೆಲ್ಲ ಓದಿ ನನ್ನದೇ ಮಾತಿನಲ್ಲಿ ಬರೆದ ಪ್ಯಾರಾ ಹೀಗಿತ್ತು:

“ಪಶ್ಚಿಮದ ಅಂಚಿನಲ್ಲಿ ಗುಡ್ಡಗಳು ದಟ್ಟ ಕಾಡಿನಿಂದ ಮುಚ್ಚಿಹೋಗಿವೆ. ಮಳೆಗಾಲದ ನಾಲ್ಕು ತಿಂಗಳು ಇಲ್ಲಿಗೆ ದಾರಿಯೇ ಇರುವುದಿಲ್ಲ. ಕಾಡಿನ ನಡುವೆ ಅಲ್ಲಲ್ಲಿ ಕೆಲವು ಗುಡಿಸಲುಗಳು ಚದುರಿಕೊಂಡಿವೆ. ಇಲ್ಲಿಯ ಜನ ಮರಗಳನ್ನು ಕಡಿದುಹಾಕಿ, ಸುಟ್ಟು, ಆ ಬೂದಿಯಲ್ಲಿ ಒಂದೆರಡು ವರ್ಷ ಕೀಳು ಧಾನ್ಯ ಬೆಳೆದು, ನೆಲ ಸೋತ ಮೇಲೆ ಬಿಟ್ಟುಹೋಗುತ್ತಾರೆ. ಬಿಟ್ಟ ನೆಲ ಪಾಳು ಬೀಳುತ್ತದೆ.”

ಇದರಲ್ಲಿ ಬೈಗುಳವಿಲ್ಲ, ಆಶ್ಚರ್ಯಸೂಚಕ ಚಿಹ್ನೆಯಿಲ್ಲ, ಅಭಿಪ್ರಾಯವೂ ಇಲ್ಲ ಎಂದೇ ನಂಬಿದ್ದೆ. ಸಂಶೋಧನಾ ಪ್ರಬಂಧಕ್ಕೆ ತಕ್ಕ ತಟಸ್ಥ ಗದ್ಯ. ಆಮೇಲೆ ಒಂದು ದಿನ ಖಾನಾಪುರಕ್ಕೆ ಹೋದಾಗ, ಊರುಗಳ ಹೆಸರು ಸರಿಯಿದೆಯೇ ನೋಡಿಕೊಡಿ ಎಂದು ಅಧ್ಯಾಯವನ್ನು ಅಲ್ಲಿಯ ನಿವೃತ್ತ ಶಾಲಾ ಮಾಸ್ತರರೊಬ್ಬರ ಕೈಗೆ ಕೊಟ್ಟೆ. ಅವರ ಮನೆಮಾತು ಮರಾಠಿ, ಕಲಿಸಿದ್ದು ಕನ್ನಡ. ಅವರ ಅಜ್ಜನ ಕಾಲದವರೆಗೂ ಮನೆಯವರು ಕಣಕುಂಬಿ ಕಡೆಯ ಗುಡ್ಡಗಳಲ್ಲಿ ಕುಮರಿ ಮಾಡಿದವರು. ಕನ್ನಡಕ ಏರಿಸಿ ಈ ಪ್ಯಾರಾವನ್ನು ಎರಡು ಸಲ ಓದಿದರು.

“ಊರ ಹೆಸರು ಎಲ್ಲಾ ಬರೋಬರಿ ಅದಾವ ತಂಗಿ. ಆದ್ರ ಇದು ಸತ್ತವರ ಮನೀ ಸುದ್ದಿ ಹೇಳಿದಂಗ ಐತಲ್ಲ?”

“ಯಾವ ಮಾತು ತಪ್ಪೈತಿ ಹೇಳ್ರಿ ಸರ್, ತಿದ್ದತೀನಿ,” ಅಂದೆ.

“ತಪ್ಪು ಯಾವುದೂ ಇಲ್ಲ. ಅದೇ ನೋಡು ಮತ್ತ.”

ಮರಳಿ ಬರುವ ಬಸ್ಸಿನಲ್ಲಿ ಆ ಮಾತು ತಲೆಯಲ್ಲೇ ಇತ್ತು. ಒಂದೂ ಮಾತು ತಪ್ಪಿಲ್ಲದೆ ಇಡೀ ಪ್ಯಾರಾ ತಪ್ಪಾಗುವುದು ಹೇಗೆ?

ಸಾಹಿತ್ಯದ ತರಗತಿಯಲ್ಲಿ ನಾವು ಎರಡು ಸಂಗತಿಗಳನ್ನು ಬೇರೆಬೇರೆ ಮಾಡಿ ಕಲಿತಿರುತ್ತೇವೆ. ಒಂದು, ಬರೆಯುವವರು ತಾವು ಹೇಳುತ್ತಿರುವುದರ ಕಡೆಗೆ ತಳೆದ ನಿಲುವು. ಅದು ಮಾತಿನ ಧಾಟಿಯಲ್ಲಿ ಕೇಳಿಸುತ್ತದೆ. ಇನ್ನೊಂದು, ಓದಿದ ಮೇಲೆ ಓದುಗರ ಸುತ್ತ ಉಳಿಯುವ ಹವೆ, ಅಂದರೆ ಭಾವ. ಪರೀಕ್ಷೆಯಲ್ಲಿ ಇವೆರಡನ್ನೂ ಒಂದೇ ಎಂಬಂತೆ ಬರೆದು ಅಂಕ ತೆಗೆದುಕೊಂಡವರಲ್ಲಿ ನಾನೂ ಒಬ್ಬಳು. ನನ್ನ ಪ್ಯಾರಾದಲ್ಲಿ ಇವೆರಡೂ ಬೇರೆಯಾಗಿಯೇ ಇದ್ದವು. ಧಾಟಿ ತಣ್ಣಗಿತ್ತು, ಕಚೇರಿಯದು. ಭಾವ ಸಾವಿನ ಮನೆಯದು. ತಣ್ಣಗಿನ ಧಾಟಿಯೇ ಆ ಭಾವವನ್ನು ಬಚ್ಚಿಟ್ಟಿತ್ತು. ಸಿಟ್ಟಿನಿಂದ ಬರೆದಿದ್ದರೆ ಓದುವವರು ಎಚ್ಚರವಾಗುತ್ತಿದ್ದರು. ಶಾಂತವಾಗಿ ಬರೆದದ್ದರಿಂದ ನನಗೇ ಗೊತ್ತಾಗಲಿಲ್ಲ.

ಹಾಗಾದರೆ ಆ ಭಾವ ಎಲ್ಲಿಂದ ಬಂತು? ಒಂದೊಂದೇ ಪದ ಎತ್ತಿ ನೋಡುವುದರ ಹೊರತು ದಾರಿಯಿರಲಿಲ್ಲ. ನಾನು ಮಾಡಿದ್ದು ಸರಳ ಕೆಲಸ. ಪ್ಯಾರಾದ ಸಂಗತಿಗಳನ್ನು ಮುಟ್ಟದೆ, ಒಂದು ಸಲಕ್ಕೆ ಒಂದೇ ಪದ ಬದಲಿಸಿ, ಗಟ್ಟಿಯಾಗಿ ಓದುವುದು. ಎಲ್ಲಿ ಕಿವಿಗೆ ವ್ಯತ್ಯಾಸ ಕೇಳಿಸುತ್ತದೋ ಅಲ್ಲಿ ಗುರುತು ಹಾಕುವುದು.

ಮೊದಲು ಕೇಳಿಸಿದ್ದು ನಾಮಪದಗಳಲ್ಲ, ಕ್ರಿಯಾಪದಗಳ ಬಾಲ. “ಮುಚ್ಚಿವೆ” ಮತ್ತು “ಮುಚ್ಚಿಹೋಗಿವೆ” ಒಂದೇ ದೃಶ್ಯ. ಆದರೆ “ಹೋಗು” ಸೇರಿದ ಕೂಡಲೇ ಏನೋ ಕೈತಪ್ಪಿದೆ ಎಂಬ ಅರ್ಥ ಸೇರಿಕೊಳ್ಳುತ್ತದೆ. ಬಾವಿ ಬತ್ತಿಹೋಗುತ್ತದೆ, ಹಾಲು ಒಡೆದುಹೋಗುತ್ತದೆ, ಮನೆ ಬಿದ್ದುಹೋಗುತ್ತದೆ. “ಕಡಿದು” ಮತ್ತು “ಕಡಿದುಹಾಕಿ” ಕೂಡ ಹಾಗೆಯೇ. “ಹಾಕು” ಬಂದಾಗ ಮಾಡಿದವರ ಕೈಯಲ್ಲಿ ಒಂದು ಒರಟುತನ, ಲೆಕ್ಕವಿಲ್ಲದ ಅವಸರ ಕಾಣುತ್ತದೆ. “ಬಿಡುತ್ತಾರೆ” ಎಂದರೆ ಬೀಳು ಬಿಟ್ಟ ಹೊಲ, ಒಡೆಯ ಮತ್ತೆ ಬರುತ್ತಾನೆ. “ಬಿಟ್ಟುಹೋಗುತ್ತಾರೆ” ಎಂದರೆ ಅವರು ಇನ್ನು ಬರುವುದಿಲ್ಲ. ಈ ಸಹಾಯಕ ಕ್ರಿಯಾಪದಗಳನ್ನು ನಾವು ವ್ಯಾಕರಣದ ಪುಸ್ತಕದಲ್ಲಿ ಓದಿ ಮುಂದೆ ಹೋಗುತ್ತೇವೆ. ವರ್ಣನೆಯಲ್ಲಿ ವಿಶೇಷಣಗಳಿಗಿಂತ ಹೆಚ್ಚು ಕೆಲಸ ಮಾಡುವುದು ಇವೇ ಎಂದು ನನಗೆ ಅನಿಸಿದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯ ಎಲ್ಲೆಲ್ಲಿ ಇರಬೇಕೆಂದು ಪಟ್ಟಿ ಮಾಡುವಾಗ ಪದ, ಅಲಂಕಾರ, ರಸಗಳ ಜೊತೆಗೆ ಕ್ರಿಯೆ, ಲಿಂಗ, ವಚನ, ಉಪಸರ್ಗ, ನಿಪಾತಗಳನ್ನೂ ಸೇರಿಸಿದ್ದ. ಎಂ.ಎ. ಓದುವಾಗ ಅದು ಪಂಡಿತರ ಹಟ ಎನಿಸಿತ್ತು.

ನಿಪಾತದ ಮಾತು ಬಂತಲ್ಲ, “ದಾರಿಯೇ ಇರುವುದಿಲ್ಲ” ಎಂಬಲ್ಲಿಯ “ಏ” ನೋಡಿ. ಯಾರಿಗೆ ದಾರಿ ಇಲ್ಲ? ಆ ಕಾಲದ ಅಧಿಕಾರಿಗಳು ಜಿಲ್ಲೆಯಲ್ಲಿ ಸುತ್ತುತ್ತಿದ್ದದ್ದು ಮಳೆ ನಿಂತ ಮೇಲೆ, ಡೇರೆ ಹೊಡೆದುಕೊಂಡು, ಚಳಿಗಾಲದಲ್ಲಿ ಮತ್ತು ಬೇಸಿಗೆಯ ಮೊದಲ ಭಾಗದಲ್ಲಿ. ಮಳೆಗಾಲದಲ್ಲಿ ಬಂಡಿ ಓಡದ್ದು ನಿಜ. ಆದರೆ ಕಾಲುದಾರಿಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುವವರಿಗೆ ದಾರಿ ಇತ್ತು. “ಇಲ್ಲಿಗೆ” ಎಂದು ಬರೆದಾಗ ನಾನು ಹೊರಗಿನಿಂದ, ಬೆಳಗಾವಿಯ ಕಡೆಯಿಂದ ನೋಡುತ್ತಿದ್ದೆ. ಊರಿನೊಳಗೆ ನಿಂತವರು “ಇಲ್ಲಿಂದ” ಎನ್ನುತ್ತಿದ್ದರು. ಒಂದು ವಿಭಕ್ತಿಯಲ್ಲಿ ನಾನು ಯಾರ ಪಕ್ಕದಲ್ಲಿ ನಿಂತಿದ್ದೇನೆ ಎಂಬುದು ತೀರ್ಮಾನವಾಗಿತ್ತು.

ಇನ್ನು “ಕಾಡು”. ಇದರ ಜೊತೆ ನಾನು ಬಹಳ ದಿನ ಗುದ್ದಾಡಿದೆ. ಬೆಳಗಾವಿ ಸೀಮೆಯ ಆಡುಮಾತಿನಲ್ಲಿ “ಅಡವಿ” ಸಹಜವಾಗಿ ಬರುತ್ತದೆ, ಖಾನಾಪುರದ ಮರಾಠಿಯಲ್ಲಿ “ರಾನ”. “ಅರಣ್ಯ” ಇಲಾಖೆಯ ಮಾತು, ಬೋರ್ಡಿನ ಮೇಲೆ ಇರುವುದು. ಪುಸ್ತಕದ ಕನ್ನಡದಲ್ಲಿ ಬೆಳೆದ ನನಗೆ ಯೋಚಿಸದೆ ಬಂದದ್ದು “ಕಾಡು”. ಅದು ಒಳ್ಳೆಯ ಪದವೇ. ಆದರೆ ನನ್ನ ಪ್ಯಾರಾದಲ್ಲಿ ಎರಡು ಸಲ “ಕಾಡು” ಬಂದು, ಒಡನೆಯೇ “ಸುಟ್ಟು” ಬರುತ್ತದೆ, ಅದರ ಹಿಂದೆಯೇ “ಬೂದಿ”. ಕನ್ನಡದ ಕಿವಿಯಲ್ಲಿ ಈ ಎರಡು ಪದ ಹತ್ತಿರ ಬಂದರೆ ಮೂರನೆಯದೊಂದು ತಾನಾಗಿ ಎದ್ದು ನಿಲ್ಲುತ್ತದೆ: ಸುಡುಗಾಡು. ನಾನು ಬರೆಯದ ಆ ಪದವನ್ನೇ ಮಾಸ್ತರರು ಓದಿದ್ದರು. “ಅಡವಿ ಸುಟ್ಟು” ಎಂದರೆ ಆ ನೆರಳು ಬೀಳುವುದಿಲ್ಲ. (ಅಡವಿ ಅಚ್ಚಗನ್ನಡವೇನಲ್ಲ, ಸಂಸ್ಕೃತದ ಅಟವಿಯಿಂದ ಬಂದದ್ದು. ದೇಸಿ ಪದ ಬೆಚ್ಚಗೆ, ಸಂಸ್ಕೃತ ಪದ ತಣ್ಣಗೆ ಎಂಬ ಸುಲಭ ಸೂತ್ರ ಇಲ್ಲಿ ತಲೆಕೆಳಗಾಗುತ್ತದೆ. ಪದ ಎಲ್ಲಿ ಹುಟ್ಟಿತು ಎಂಬುದಕ್ಕಿಂತ ಯಾರ ಬಾಯಲ್ಲಿ ಸವೆಯಿತು ಎಂಬುದು ಮುಖ್ಯ.)

ಇಂಗ್ಲಿಷಿನವರ ಪದ “ಜಂಗಲ್” ಆಗಿತ್ತು. ಅದರ ಕತೆ ಇನ್ನೂ ವಿಚಿತ್ರ. ಸಂಸ್ಕೃತದ “ಜಾಂಗಲ” ಎಂದರೆ ಆಯುರ್ವೇದದ ಪುಸ್ತಕಗಳಲ್ಲಿ ಒಣ ನೆಲ, ವಿರಳ ಮರ, ಬಿಸಿಲು, ಜಿಂಕೆ ಓಡಾಡುವ ಬಯಲು, ಆರೋಗ್ಯಕ್ಕೆ ಒಳ್ಳೆಯ ಸೀಮೆ. ನೀರು ನಿಲ್ಲುವ, ಮರ ಒತ್ತಾಗಿರುವ, ಜ್ವರ ಬರುವ ಸೀಮೆಗೆ ಹೆಸರು “ಆನೂಪ”. ಫ್ರೆಂಚ್ ವಿದ್ವಾಂಸ ಫ್ರಾನ್ಸಿಸ್ ಜಿಮ್ಮರ್ಮನ್ 1982ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಪಲ್ಲಟವನ್ನು ವಿವರವಾಗಿ ಹಿಂಬಾಲಿಸಿದ್ದಾರೆ. ಹಳೆಯ ಅರ್ಥದಲ್ಲಿ ನಮ್ಮ ಜಿಲ್ಲೆಯ ಜಾಂಗಲ ಎಂದರೆ ಗೋಕಾಕ, ಸವದತ್ತಿ ಕಡೆಯ ಬಯಲು. ಬೆಳಗಾವಿ ನಗರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮಳೆ ಬೀಳುವ ಕಣಕುಂಬಿ ಆನೂಪ. ಇಂಗ್ಲಿಷಿಗೆ ಹೋಗುವ ಹೊತ್ತಿಗೆ ಪದ ತಿರುಗಿ ನಿಂತು, ಒದ್ದೆಯಾದ, ಕತ್ತಲೆಯ, ಜ್ವರದ ಕಾಡೇ ಜಂಗಲ್ ಆಯಿತು. ಅಂದರೆ ನಾನು ಅನುವಾದಿಸುತ್ತಿದ್ದ ಪದದೊಳಗೆ ಆಗಲೇ ಒಂದು ಭಯ ಕುಳಿತಿತ್ತು. “ದಟ್ಟ ಕಾಡು” ಎಂದು ಬರೆದಾಗ ಆ ಭಯವನ್ನೇ ಕನ್ನಡಕ್ಕೆ ತಂದಿದ್ದೆ.

“ಗುಡಿಸಲುಗಳು ಚದುರಿಕೊಂಡಿವೆ” ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕಾರು ಮನೆಯ ಊರಿಗೂ ದೇವರಿದೆ, ಹೆಸರಿದೆ. “ಕೀಳು ಧಾನ್ಯ” ಮಾತ್ರ ನಾಚಿಕೆಯ ಸಂಗತಿ. ಅಲ್ಲಿ ಬೆಳೆಯುತ್ತಿದ್ದದ್ದು ಮುಖ್ಯವಾಗಿ ರಾಗಿ, ಈ ಕಡೆಯ ಮಾತಿನಲ್ಲಿ ನಾಚಣಿ, ಮತ್ತು ಸಾವೆ. ಅಕ್ಕಿ ಗೋದಿಯನ್ನು ಮೇಲೆ, ಇವನ್ನು ಕೆಳಗೆ ಇಟ್ಟದ್ದು ಅಧಿಕಾರಿಗಳ ತೂಕ. ನಾನು ದಿನಾ ತಿನ್ನುವ ಧಾನ್ಯವನ್ನು ನಾನೇ ಕೀಳು ಎಂದು ಬರೆದಿದ್ದೆ.

ಕೊನೆಗೆ ಉಳಿದದ್ದು “ಪಾಳು”. ಇಡೀ ಪ್ಯಾರಾ ಅದರ ಮೇಲೆ ಬಂದು ಕುಸಿಯುತ್ತದೆ. ಇಂಗ್ಲಿಷ್ ವರದಿಗಳ “ವೇಸ್ಟ್” ಪದಕ್ಕೆ ನಾನು ಇಟ್ಟದ್ದು ಅದು. ನಿಘಂಟಿನ ಪ್ರಕಾರ ತಪ್ಪಲ್ಲ. ಆದರೆ ಇಂಗ್ಲೆಂಡಿನ ಹಳೆಯ ಭೂ ವ್ಯವಹಾರದಲ್ಲಿ ಆ ಪದಕ್ಕೆ ಹಾಳಾದದ್ದು ಎಂಬ ಅರ್ಥವಷ್ಟೇ ಇರಲಿಲ್ಲ. ಉಳುಮೆ ಇಲ್ಲದ, ಊರವರು ದನ ಮೇಯಿಸುವ, ಸೌದೆ ತರುವ ಸಾಮಾನ್ಯ ನೆಲಕ್ಕೂ ಅದೇ ಹೆಸರು. ನಮ್ಮಲ್ಲಿ ಕಂದಾಯದ ಲೆಕ್ಕಕ್ಕೆ ಬಂದಾಗ ಅದು ಸರಕಾರಕ್ಕೆ ತೆರಿಗೆ ಕೊಡದ ನೆಲವಾಯಿತು. 1878ರ ಭಾರತೀಯ ಅರಣ್ಯ ಕಾಯ್ದೆ ಸರಕಾರದ ಸ್ವತ್ತಾದ ಅರಣ್ಯ ಭೂಮಿಯನ್ನೂ “ವೇಸ್ಟ್” ಭೂಮಿಯನ್ನೂ ಮೀಸಲು ಅರಣ್ಯವೆಂದು ಘೋಷಿಸಲು ಅವಕಾಶ ಕೊಟ್ಟಿತು. ಹನ್ನೆರಡು ವರ್ಷಕ್ಕೆ ಬೀಳು ಬಿಟ್ಟ ಕುಮರಿ ನೆಲ ಆ ಹನ್ನೆರಡು ವರ್ಷವೂ ನೋಡುವವರ ಕಣ್ಣಿಗೆ ಖಾಲಿ. ಯಾರೂ ಉಳುತ್ತಿಲ್ಲ, ಯಾರ ಹೆಸರೂ ಇಲ್ಲ. ವರ್ಣನೆಯಲ್ಲಿ “ಪಾಳು” ಎಂದು ಒಮ್ಮೆ ಬಿದ್ದರೆ, ಅದನ್ನು ತೆಗೆದುಕೊಳ್ಳುವುದು ಕಸಿದುಕೊಂಡಂತೆ ಕಾಣುವುದಿಲ್ಲ. ಕಾಪಾಡಿದಂತೆ ಕಾಣುತ್ತದೆ. ಬೆಳಗಾವಿಯ ಗ್ಯಾಸೆಟಿಯರ್ ಬಂದದ್ದು ಈ ಕಾಯ್ದೆ ಆದ ಆರು ವರ್ಷಕ್ಕೆ. ಅದರ ಮೊದಲ ಅಧ್ಯಾಯದ ಹೆಸರು “ವರ್ಣನೆ”. ನಮ್ಮ ಕಾವ್ಯಗಳ ಅಷ್ಟಾದಶ ವರ್ಣನೆಯಂತೆ ಅದಕ್ಕೂ ಸಿದ್ಧ ಕ್ರಮವಿದೆ: ಎಲ್ಲೆ, ನೆಲದ ಮೈ, ಗುಡ್ಡ, ನದಿ, ಹವೆ. ಕವಿಗಳ ಪಟ್ಟಿಯಲ್ಲಿ ವಸಂತ, ಚಂದ್ರೋದಯ ಇದ್ದವು. ಇವರ ಪಟ್ಟಿಯಲ್ಲಿ ಅವಿಲ್ಲ ಎಂಬುದರಿಂದಲೇ ಇದು ವರ್ಣನೆಯಲ್ಲ, ಮಾಹಿತಿ ಎಂದು ನಾವು ನಂಬಿಬಿಡುತ್ತೇವೆ.

ಇಷ್ಟೆಲ್ಲ ಕಂಡ ಮೇಲೆ ಹುರುಪಿನಿಂದ ಪ್ಯಾರಾವನ್ನು ಹೊಸದಾಗಿ ಬರೆದೆ:

“ಪಡುವಣ ಅಂಚಿನ ಗುಡ್ಡಗಳು ಅಡವಿ ಹೊದ್ದಿವೆ. ಮಳೆಗಾಲದ ನಾಲ್ಕು ತಿಂಗಳು ಬಂಡಿ ಓಡುವುದಿಲ್ಲ. ಅಡವಿಯ ನಡುವೆ ಅಲ್ಲಲ್ಲಿ ನಾಲ್ಕಾರು ಮನೆಗಳ ಊರುಗಳಿವೆ. ಊರವರು ಮರ ಸವರಿ, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ಒಂದೆರಡು ವರ್ಷ ನಾಚಣಿ, ಸಾವೆ ಬೆಳೆದು, ನೆಲ ದಣಿದ ಮೇಲೆ ಬಿಡುತ್ತಾರೆ. ಬಿಟ್ಟ ನೆಲದಲ್ಲಿ ಮತ್ತೆ ಅಡವಿ ಏಳುತ್ತದೆ.”

“ಹೊದ್ದಿವೆ” ಎಂದಾಗ ಗುಡ್ಡಕ್ಕೆ ಕಂಬಳಿ ಬಂತು. “ಸೋತ” ನೆಲ “ದಣಿದ” ನೆಲವಾಯಿತು. ಸೋತವರು ಏಳುವುದು ಅನುಮಾನ, ದಣಿದವರು ಮಲಗಿ ಏಳುತ್ತಾರೆ. ಆ ಕೊನೆಯ “ಏಳುತ್ತದೆ”ಗೆ ಬೇಕಾದ ಹಾಸಿಗೆಯನ್ನು “ದಣಿದ” ಮೊದಲೇ ಹಾಸಿಟ್ಟಿತ್ತು. ನನಗೆ ಬಹಳ ಖುಷಿಯಾಯಿತು. ಮಾರ್ಗದರ್ಶಕರಿಗೆ ಕಳಿಸಿದೆ.

ಅವರು ಕರೆದು ಕೇಳಿದ್ದು ಒಂದೇ ಪ್ರಶ್ನೆ: “ಅಡವಿ ಎದ್ದದ್ದು ನೀವು ನೋಡೀರೇನು?”

ಉತ್ತರ ನನ್ನ ಬಳಿ ಅರ್ಧ ಮಾತ್ರ ಇತ್ತು. ಕುಮರಿಯ ಕ್ರಮ ಹೀಗೆ: ಚಳಿಗಾಲದಲ್ಲಿ ಮರ, ಪೊದೆ ಕಡಿದು ಕೆಡವುತ್ತಾರೆ. ಬೇಸಿಗೆಯ ತನಕ ಒಣಗಲು ಬಿಟ್ಟು, ಮಳೆಗೆ ಮುಂಚೆ ಬೆಂಕಿ ಹಚ್ಚುತ್ತಾರೆ. ಮೊದಲ ಮಳೆಗೆ ಬೂದಿಯಲ್ಲಿ ಬಿತ್ತುತ್ತಾರೆ. ಎರಡನೆಯ ವರ್ಷ ಫಸಲು ಇಳಿಯುತ್ತದೆ, ಮೂರನೆಯ ವರ್ಷ ಬಿತ್ತುವುದು ಅಪರೂಪ. ಆಮೇಲೆ ನೆಲ ಎಷ್ಟು ವರ್ಷ ಬೀಳು ಇರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹತ್ತು ಹನ್ನೆರಡು ವರ್ಷ ಸಿಕ್ಕರೆ ಮರ ಬರುತ್ತದೆ. ಜನ ಹೆಚ್ಚಿ, ಅಥವಾ ಮೀಸಲು ಗಡಿ ಹತ್ತಿರ ಬಂದು ಉಳಿದ ಜಾಗ ಕಿರಿದಾಗಿ, ಐದಾರು ವರ್ಷಕ್ಕೇ ಮತ್ತೆ ಕಡಿದರೆ ಬರುವುದು ಮುಳ್ಳು, ಪೊದೆ, ಬಿದಿರು. ಆಗ “ಅಡವಿ ಏಳುತ್ತದೆ” ಎಂಬುದು ಸುಳ್ಳು. ಕ್ಲೆಗ್ಹಾರ್ನ್, ಗಿಬ್ಸನ್ ಅವರ ಆತಂಕ ಪೂರ್ತಿ ಕಟ್ಟುಕತೆಯೇನಲ್ಲ. ಹಾಗೆ ನೋಡಿದರೆ ಆ ಕಾಲದಲ್ಲಿ ಹಡಗಿಗೆ, ರೈಲು ಹಳಿಯ ದಿಮ್ಮಿಗೆ ಮರ ಬೇಕಾಗಿದ್ದ ಸರಕಾರವೂ ಕಡಿಯುವವರ ಸಾಲಿನಲ್ಲೇ ಇತ್ತು, ಆದರೆ ಅದು ಬೇರೆ ಅಧ್ಯಾಯ. ನನ್ನ ಎರಡನೆಯ ಪ್ಯಾರಾದಲ್ಲಿ ನಾಲ್ಕು ವಾಕ್ಯಗಳು ಬರೀ ಪದ ಬದಲಿಸಿದ್ದವು. ಐದನೆಯದು ಸಂಗತಿಯನ್ನೇ ಬದಲಿಸಿತ್ತು, ಅದೂ ಅದೇ ಹಿತವಾದ ಧಾಟಿಯ ಮರೆಯಲ್ಲಿ. ಮೊದಲನೆಯದರಲ್ಲಿ ಕಚೇರಿಯ ತಣ್ಣಗಿನ ದನಿ ಮಾಡಿದ ಕೆಲಸವನ್ನೇ ಇಲ್ಲಿ ಪ್ರೀತಿಯ ದನಿ ಮಾಡಿತ್ತು.

ನಡುವೆ ಇನ್ನೊಂದು ಎಡವಟ್ಟೂ ಆಯಿತು. ಎರಡೂ ಬೇಡವೆಂದು ಅರ್ಧ ಅದು ಅರ್ಧ ಇದು ಸೇರಿಸಿ ಮೂರನೆಯದೊಂದು ಬರೆದೆ. “ನಿಬಿಡ ವನಪ್ರದೇಶ” ಒಂದು ಕಡೆ, “ಮರ ಸವರಿ” ಪಕ್ಕದಲ್ಲೇ. ಓದಿದರೆ ಇಬ್ಬರು ಒಂದೇ ಬಾಯಿಂದ ಮಾತಾಡಿದಂತಿತ್ತು. ಸಂಸ್ಕೃತ ಕನ್ನಡಗಳನ್ನು ಹದವಿಲ್ಲದೆ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆ ಹನಿಸಿದಂತೆ ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಎಚ್ಚರಿಸುತ್ತದೆ. ಅದೇ ಗ್ರಂಥ ತಿರುಳ್ಗನ್ನಡದ ನೆಲವನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಒಕ್ಕುಂದವೂ ಒಂದು. ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರ ಹಾದು ಬರುವ ಮಲಪ್ರಭೆ ಮುಂದೆ ಬೈಲಹೊಂಗಲ ತಾಲೂಕಿನ ಆ ಒಕ್ಕುಂದದ ಹತ್ತಿರವೇ ಹರಿಯುತ್ತದೆ. ನನ್ನ ಹಾಲು ಒಡೆದದ್ದು ಅದೇ ನದಿಯ ಮೇಲ್ದಂಡೆಯಲ್ಲಿ.

ಬಿದಿರಿನ ವಿಷಯಕ್ಕೆ ಒಂದು ಮಾತು. ಕುಮರಿ ನೆಲದಲ್ಲಿ ಬಿದಿರು ಬಂದರೆ ಅರಣ್ಯಾಧಿಕಾರಿಯ ಕಣ್ಣಿಗೆ ಅದು ಒಳ್ಳೆಯ ಮರ ಹೋಗಿ ಉಳಿದ ಕೆಳದರ್ಜೆಯ ಬೆಳೆ. ಆದರೆ ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ, ಬಿದಿರಿನ ಊರು. ಕೋಟೆಯೊಳಗಿನ ಕಮಲ ಬಸದಿ ಕಟ್ಟಿದ್ದು 1204ರಲ್ಲಿ, ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ. ಆ ಹೊತ್ತಿಗೆ ವೇಣುಗ್ರಾಮ ರಾಜಧಾನಿ. ಅದೇ ಗಿಡ ಒಂದು ಕಡೆ ಊರಿನ ಬಿರುದು, ಇನ್ನೊಂದು ಕಡೆ ನೆಲ ಕೆಟ್ಟಿದ್ದಕ್ಕೆ ಸಾಕ್ಷಿ. ನನ್ನ ಹೊಸ ಪ್ಯಾರಾದಲ್ಲಿ ಬಿದಿರನ್ನು ಯಾವ ವಿಶೇಷಣವೂ ಇಲ್ಲದೆ, ಬರೀ ಬಿದಿರು ಎಂದು ಸೇರಿಸಿದೆ.

ಈಗಿರುವ ಕೊನೆಯ ಎರಡು ವಾಕ್ಯಗಳು ಹೀಗಿವೆ: “ಬಿಟ್ಟ ನೆಲದಲ್ಲಿ ಹತ್ತು ಹನ್ನೆರಡು ವರ್ಷಕ್ಕೆ ಮರ ಬರುತ್ತದೆ, ಅದಕ್ಕೂ ಮುಂಚೆ ಮತ್ತೆ ಕಡಿದರೆ ಮುಳ್ಳು, ಬಿದಿರು. ಕಂದಾಯದ ಲೆಕ್ಕದಲ್ಲಿ ಎರಡಕ್ಕೂ ಹೆಸರು ಪಾಳು.” ಪದವನ್ನು ತೆಗೆದುಹಾಕಲಿಲ್ಲ. ತೆಗೆದರೆ 1878ರ ಕಾಯ್ದೆ ಆ ನೆಲಕ್ಕೆ ಏನು ಮಾಡಿತು ಎಂಬುದು ಮುಂದಿನ ಪುಟದಲ್ಲಿ ಅರ್ಥವೇ ಆಗುವುದಿಲ್ಲ. ಅದು ಯಾರ ಪದ ಎಂಬುದನ್ನು ಮಾತ್ರ ಪಕ್ಕದಲ್ಲಿ ಬರೆದೆ. ಐದು ವಾಕ್ಯ ಆರಾಯಿತು. ಮೊದಲಿನಷ್ಟು ನಯವಾಗಿಲ್ಲ, ಕೊನೆಯಲ್ಲಿ ಸ್ವಲ್ಪ ಕುಂಟುತ್ತದೆ. ಭೀಮಗಡ 2011ರಲ್ಲಿ ಅಭಯಾರಣ್ಯವಾಯಿತು, ಒಳಗಿನ ಹಳ್ಳಿಗಳ ಸ್ಥಳಾಂತರದ ಮಾತು ಈಗಲೂ ನಡೆದಿದೆ. ಆ ಹಳ್ಳಿಗಳನ್ನು ವರ್ಣಿಸುವ ಕಾಗದಗಳು ಈಗ ಕನ್ನಡದಲ್ಲೇ ಇರುತ್ತವೆ. ಅವುಗಳಲ್ಲಿ ಮನೆಗಳು ಇವೆಯೋ, ಚದುರಿಕೊಂಡಿವೆಯೋ ಎಂದು ಹುಡುಕುವ ಚಟ ನನಗೆ ಹತ್ತಿದೆ.

ಹೊಸ ಪ್ಯಾರಾ ತೆಗೆದುಕೊಂಡು ಮತ್ತೆ ಮಾಸ್ತರರಲ್ಲಿಗೆ ಹೋದೆ. ಆಷಾಢದ ಮಳೆ ಹಿಡಿದಿತ್ತು, ಬಸ್ಸು ತಡವಾಗಿ ಬಂದಿತ್ತು. ಅವರು ಓದಿ, ಕಾಗದ ಮಡಚಿ, ಸ್ವಲ್ಪ ಹೊತ್ತು ಹೊರಗೆ ನೋಡಿದರು.

“ಸವರಿ ಅಂತ ಬರದೀ. ಸವರೋದು ಟೊಂಗಿ. ನಮ್ಮ ಅಜ್ಜ ಬುಡಕ್ಕೇ ಕೊಡಲಿ ಹಾಕತಿದ್ದ, ದೊಡ್ಡ ಮರಾ ಇದ್ರ ಅಷ್ಟ ಟೊಂಗಿ ತಗೀತಿದ್ದ. ಅವನೇನು ಮಾಲಿ ಅಲ್ಲವಾ ತಂಗಿ. ಕಡದು ಅಂತ ಬರಿ.”

ಬಸ್ಸಿನಲ್ಲಿ ಕುಳಿತು “ಸವರಿ” ಹೊಡೆದು “ಕಡಿದು” ಎಂದು ಬರೆದೆ, “ಹಾಕಿ” ಇಲ್ಲದೆ.